ಎರಡು ಗ್ರಾಂ ತಪ್ಪು, ಒಂದು ಶಿಫಾರಸು ಪತ್ರ

ಮೇ ತಿಂಗಳ ಕೊನೆಯ ವಾರ. ಹಂಗಾಮಿನ ಗದ್ದಲ ಮುಗಿದು ಯಾರ್ಡಿನಲ್ಲಿ ಖಾಲಿ ಗೋಣಿಚೀಲಗಳ ರಾಶಿ ಮಾತ್ರ ಉಳಿದಿತ್ತು. ನಮ್ಮ ಕಾಫಿ ಖರೀದಿ ಯಾರ್ಡಿನ ಮೇಲ್ವಿಚಾರಕ ಮೇಜಿನ ಮುಂದೆ ಬಂದು ನಿಂತು ಒಂದು ಹಾಳೆ ಚಾಚಿದ.

"ಸರ್, ಬೆಂಗಳೂರಿನ ಕಾಫಿ ಕಂಪನಿಯ ಸಂದರ್ಶನ ಮುಗಿಯಿತು. ಈಗಿನ ಮೇಲಧಿಕಾರಿಯ ಪತ್ರ ಬೇಕಂತೆ. ನಿಮಗೆ ತೊಂದರೆ ಬೇಡವೆಂದು ನಾನೇ ಬರೆದು ತಂದಿದ್ದೇನೆ. ಸಹಿ ಹಾಕಿದರೆ ಸಾಕು."

ಓದಿದೆ. ಶ್ರಮಜೀವಿ, ಪ್ರಾಮಾಣಿಕ, ಕ್ರಿಯಾಶೀಲ, ಎಲ್ಲರೊಂದಿಗೆ ಬೆರೆಯುವ ಸ್ವಭಾವ, ಎಂಥ ಒತ್ತಡದಲ್ಲೂ ನಗುಮುಖ. ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿದರೆ ಆ ಪತ್ರ ನಮ್ಮ ಗೇಟಿನ ಕಾವಲುಗಾರನಿಗೂ ಹೊಂದುತ್ತಿತ್ತು, ನನಗೂ ಹೊಂದುತ್ತಿತ್ತು. ಆರು ವರ್ಷ ಅವನ ಕೆಲಸ ನೋಡಿದವನು ನಾನು, ಆದರೆ ಅದರಲ್ಲಿ ಅವನೂ ಇರಲಿಲ್ಲ, ಕಾಫಿಯೂ ಇರಲಿಲ್ಲ. "ಎರಡು ದಿನ ಕೊಡು, ನಾನೇ ಬರೆಯುತ್ತೇನೆ" ಎಂದೆ. ಅವನ ಮುಖ ಸ್ವಲ್ಪ ಬಾಡಿತು.

ನಾನು ಹೀಗೆ ಹಟ ಹಿಡಿದದ್ದಕ್ಕೆ ಹಳೆಯ ಕಾರಣವೊಂದಿತ್ತು. ಕೆಲವು ವರ್ಷಗಳ ಹಿಂದೆ ಇನ್ನೊಬ್ಬ ಹುಡುಗನಿಗೆ ಇಂಥದೇ ಹೂಮಾಲೆಯ ಪತ್ರ ಬರೆದುಕೊಟ್ಟಿದ್ದೆ. ದಾಸ್ತಾನು ಲೆಕ್ಕದಲ್ಲಿ ನಿಪುಣ ಎಂದೂ ಸೇರಿಸಿದ್ದೆ. ಅವನು ದಾಸ್ತಾನು ಲೆಕ್ಕ ಬರೆದದ್ದೇ ಇಲ್ಲ, ಗುಮಾಸ್ತ ಬರೆದದ್ದನ್ನು ಓದಿ ಹೇಳುತ್ತಿದ್ದ ಅಷ್ಟೇ. ಮೂರು ತಿಂಗಳ ಮೇಲೆ ಅಲ್ಲಿನ ವ್ಯವಸ್ಥಾಪಕರು ಫೋನ್ ಮಾಡಿ, "ನಿಮ್ಮ ಕಡೆ ನಿಪುಣ ಎಂದರೆ ಏನು ಅರ್ಥ?" ಎಂದು ತಣ್ಣಗೆ ಕೇಳಿದರು. ಹುಡುಗನಿಗೂ ಅಲ್ಲಿ ನೆಮ್ಮದಿ ಇರಲಿಲ್ಲ, ಬರದ ಕೆಲಸವನ್ನು ಅವನ ತಲೆಗೆ ಕಟ್ಟಿದವನು ನಾನೇ.

ಈ ಸಲ ಮೊದಲು ಒಂದು ವಿಷಯ ಬೇರೆ ಮಾಡಿಕೊಂಡೆ. ಎಂದು ಸೇರಿದ, ಎಂದು ಬಿಟ್ಟ, ಯಾವ ಹುದ್ದೆ ಎಂಬುದು ಕಚೇರಿ ಕೊಡುವ ಅನುಭವ ಪತ್ರದಲ್ಲಿ ಬರುತ್ತದೆ. ಶಿಫಾರಸು ಪತ್ರದಲ್ಲಿ ಬರಬೇಕಾದದ್ದು ನಾನು ಕಣ್ಣಾರೆ ಕಂಡದ್ದು. ಅಲ್ಲಿ ಅವನು ಯಾವ ಕೆಲಸಕ್ಕೆ ಹೋಗುತ್ತಿದ್ದಾನೆ ಎಂದು ಕೇಳಿ ತಿಳಿದುಕೊಂಡೆ: ಬರುವ ಕಾಫಿಯ ಸ್ಯಾಂಪಲ್ ತೆಗೆಯುವುದು, ಗುಣಮಟ್ಟ ಪರೀಕ್ಷಿಸುವುದು, ವರದಿ ಬರೆಯುವುದು, ಮುಂದೆ ರುಚಿ ಪರೀಕ್ಷೆ ಕಲಿಯುವುದು. ಆಮೇಲೆ ಕಳೆದ ಮೂರು ಹಂಗಾಮಿನ ರಿಜಿಸ್ಟರುಗಳನ್ನು ಮನೆಗೆ ಹೊತ್ತುಕೊಂಡು ಹೋದೆ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಕುಶಾಲನಗರದ ಸುತ್ತ ಇರುವ ನಮ್ಮಂಥ ಕ್ಯೂರಿಂಗ್ ವರ್ಕ್ಸ್‌ಗಳಿಗೆ, ಅಂದರೆ ಕಾಫಿ ಸಂಸ್ಕರಿಸುವ ಘಟಕಗಳಿಗೆ, ಬೆಳೆಗಾರರು ರೋಬಸ್ಟಾ ಚೆರ್ರಿಯನ್ನು, ಎಂದರೆ ಒಣಗಿಸಿದ ಕಾಫಿ ಹಣ್ಣನ್ನು, 50 ಕಿಲೋ ಚೀಲಗಳಲ್ಲಿ ತರುತ್ತಾರೆ. ಒಂದು ಚೀಲ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕಿಲೋ ಬೀಜ ಸಿಗುತ್ತದೋ ಅದೇ ಓಟಿ. 26 ಓಟಿ ಎಂದರೆ 26 ಕಿಲೋ ಬೀಜ, ಹಣವೂ ಅದರ ಮೇಲೆಯೇ. ಬೆಳೆಗಾರ ತಂದ ಇಡೀ ಲಾಟನ್ನು ಸುಲಿದು ನೋಡಲು ಆಗುವುದಿಲ್ಲವಾದ್ದರಿಂದ ನಮ್ಮಲ್ಲಿ ನೂರು ಗ್ರಾಂ ಸ್ಯಾಂಪಲ್ ಸುಲಿದು ಬೀಜ ತೂಗುತ್ತೇವೆ. 54 ಗ್ರಾಂ ಬಂದರೆ 27 ಓಟಿ. ತಕ್ಕಡಿಯಲ್ಲಿ ಒಂದು ಗ್ರಾಂ ಏರುಪೇರಾದರೆ ಪ್ರತಿ ಚೀಲದಲ್ಲಿ ಅರ್ಧ ಕಿಲೋ ಬೀಜದ ದುಡ್ಡು ಏರುಪೇರು.

ರಿಜಿಸ್ಟರ್ ತಿರುವಿದಾಗ ಎರಡು ವರ್ಷದ ಹಿಂದಿನ ಜನವರಿಯ ಪುಟದಲ್ಲಿ ಕೆಂಪು ಶಾಯಿಯ ತಿದ್ದುಪಡಿ ಕಂಡಿತು. ಆ ದಿನ ಪೂರ್ತಿ ನೆನಪಿಗೆ ಬಂತು. ರಾತ್ರಿ ಏಳೂವರೆಗೆ ನಾನು ಮನೆಗೆ ಹೊರಡುವ ಹೊತ್ತಿಗೆ ಅವನು ಎರಡು ತಟ್ಟೆ ಹಿಡಿದುಕೊಂಡು ಬಂದಿದ್ದ, ಒಂದು ಸ್ಟೀಲು, ಇನ್ನೊಂದು ಪ್ಲಾಸ್ಟಿಕ್. ತಕ್ಕಡಿಯನ್ನು ಸ್ಟೀಲ್ ತಟ್ಟೆಯಿಟ್ಟು ಸೊನ್ನೆ ಮಾಡಿದ್ದ. ಮಧ್ಯಾಹ್ನ ಊಟದ ನಂತರ ಸ್ಟೀಲ್ ತಟ್ಟೆ ಸುಲಿಯುವ ಯಂತ್ರದ ಹತ್ತಿರ ಉಳಿದುಹೋಗಿ, ಸುಲಿದ ಬೀಜವನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ತೂಗಿದ್ದ. ಅದು ಎರಡು ಗ್ರಾಂ ಹಗುರ. ಸಂಜೆ ತೊಳೆಯುವಾಗ ಅನುಮಾನ ಬಂದು ಎರಡನ್ನೂ ತೂಗಿ, ಎತ್ತಿಟ್ಟಿದ್ದ ಸ್ಯಾಂಪಲ್‌ಗಳನ್ನು ಮತ್ತೆ ತೂಗಿದ್ದ. 52 ಇದ್ದಲ್ಲಿ 54 ಬಂತು. ಒಂದು ಇಡೀ ಓಟಿ. ಮಧ್ಯಾಹ್ನದ ಮೇಲೆ ಬಂದದ್ದು ಮೂರು ಲಾಟು, 140 ಚೀಲ. ಅಂದರೆ 140 ಕಿಲೋ ಬೀಜದ ಹಣ ಬೆಳೆಗಾರರಿಗೆ ಕಡಿಮೆ ಹೋಗಿತ್ತು.

ಲಾಭ ನಮ್ಮ ಕಡೆಗಿತ್ತು. ಬೆಳೆಗಾರರು ಒಪ್ಪಿ ಚೀಟಿ ಪಡೆದು ಹೋಗಿಯಾಗಿತ್ತು. ಅವನು ತಟ್ಟೆ ತೊಳೆದಿಟ್ಟು ಮನೆಗೆ ಹೋಗಿದ್ದರೆ ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ. "ಸರ್, ತಪ್ಪು ನನ್ನದು, ಈಗಲೇ ಫೋನ್ ಮಾಡಲೇ?" ಎಂದ. ಮೂವರಿಗೂ ಅವನೇ ಮಾಡಿದ. ಸುಂಟಿಕೊಪ್ಪದ ಕಡೆಯ ಹಿರಿಯರೊಬ್ಬರು ಹತ್ತು ನಿಮಿಷ ಬೈದರು, "ಹೌದು ಅಜ್ಜ, ಹೌದು ಅಜ್ಜ" ಎಂದು ಕೇಳಿಕೊಂಡ. ಮರುದಿನದಿಂದ ರಿಜಿಸ್ಟರಿನಲ್ಲಿ ತಟ್ಟೆಯ ನಂಬರು ಬರೆಯಲು ಒಂದು ಕಾಲಂ ಬಂತು. ಅದು ಅವನ ಸಲಹೆ, ಈಗಲೂ ಇದೆ.

ಪ್ರಾಮಾಣಿಕ ಎಂದು ಬರೆಯುವ ಬದಲು ಇಷ್ಟನ್ನು ಬರೆದರೆ ಸಾಕಲ್ಲ!

ಇನ್ನೊಂದು ವಾಕ್ಯ ಬರೆದು ಹೊಡೆದುಹಾಕಿದೆ. ಅವನಿಂದಾಗಿ ಓಟಿ ತಕರಾರುಗಳು ಕಡಿಮೆಯಾದವು ಎಂದು ನನಗೆ ಗಟ್ಟಿಯಾಗಿ ಅನಿಸಿತ್ತು. ಎಣಿಸಿದೆ: ಒಂದು ಹಂಗಾಮಿನಲ್ಲಿ 14, ಮರುವರ್ಷ 5. ಅಂಕಿ ನೋಡಲು ಚೆನ್ನ. ಆದರೆ ಆ ಎರಡನೇ ವರ್ಷ ಫಸಲೇ ಕಡಿಮೆಯಿತ್ತು, ಯಾರ್ಡಿಗೆ ಬಂದ ಲಾಟುಗಳೂ ಕಡಿಮೆ. ಮೇಲಾಗಿ ಅದೇ ವರ್ಷ ಹೊಸ ತೇವಾಂಶ ಮಾಪಕ ಬಂದಿತ್ತು. ಕಡಿಮೆ ಫಸಲಿಗೂ ಹೊಸ ಯಂತ್ರಕ್ಕೂ ಸಲ್ಲಬೇಕಾದ ಶ್ರೇಯಸ್ಸನ್ನು ಅವನ ಹೆಗಲಿಗೇರಿಸಿದರೆ, ಮುಂದೆ ಯಾರಾದರೂ "ಹೇಗೆ ಕಡಿಮೆ ಮಾಡಿದೆ?" ಎಂದು ಕೇಳಿದಾಗ ಅವನೇ ತಡವರಿಸಬೇಕಾಗುತ್ತಿತ್ತು. ಅದರ ಬದಲು, ಒಪ್ಪದ ಬೆಳೆಗಾರರ ಎದುರಿಗೇ ಎರಡನೇ ಸ್ಯಾಂಪಲ್ ಸುಲಿದು ತೋರಿಸುತ್ತಿದ್ದ ಎಂದು ಬರೆದೆ. ಅದನ್ನು ನಾನೇ ಹಲವು ಬಾರಿ ನೋಡಿದ್ದೇನೆ.

ಅತ್ಯುತ್ತಮ ಎಂಬ ಪದದ ಬಳಿಯೂ ಹೀಗೇ ನಿಂತೆ. ಯಾರಿಗಿಂತ? ನನ್ನ ಕೈಕೆಳಗೆ ಆ ಕೆಲಸ ಮಾಡಿದವರು ಇದುವರೆಗೆ ಒಂಬತ್ತು ಜನ. ಸ್ಯಾಂಪಲ್ ತೆಗೆಯುವುದರಲ್ಲಿ ಅವನು ಮೊದಲ ಇಬ್ಬರಲ್ಲಿ ಒಬ್ಬ. ಇನ್ನೊಬ್ಬರು ನಿವೃತ್ತರಾದ ಹಿರಿಯರು, ಅವರನ್ನು ಮರೆತು ಇವನನ್ನು ಮೊದಲಿಗ ಎನ್ನಲು ಮನಸ್ಸು ಒಪ್ಪಲಿಲ್ಲ.

ಇನ್ನು ಕೊರತೆಯ ಮಾತು. ಸಾಮಾನ್ಯವಾಗಿ ಎಲ್ಲರೂ ಇದನ್ನು ಬಿಟ್ಟುಬಿಡುತ್ತಾರೆ, ಇಲ್ಲವೇ "ಅತಿಯಾಗಿ ದುಡಿಯುತ್ತಾನೆ" ಎಂಬ ಕೊರತೆಯೇ ಅಲ್ಲದ ಕೊರತೆಯನ್ನು ಬರೆದು ಜಾಣರಾಗುತ್ತಾರೆ. ಅವನ ನಿಜವಾದ ದೋಷ ರಿಜಿಸ್ಟರು. ಜನವರಿ, ಫೆಬ್ರವರಿಯ ನೂಕುನುಗ್ಗಲಿನಲ್ಲಿ ದಿನದ ದಾಖಲೆ ಎರಡು ಮೂರು ದಿನ ತಡವಾಗಿ ಪೂರ್ಣವಾಗುತ್ತಿತ್ತು. ಚೀಟಿಗಳೆಲ್ಲ ಅಂಗಿಯ ಜೇಬಿನಲ್ಲಿ. ಹೊಸ ಕೆಲಸದಲ್ಲಿ ವರದಿ ಬರೆಯುವುದು ಮುಖ್ಯ ಭಾಗ, ಹಾಗಾಗಿ ಇದು ಅವರಿಗೆ ಬೇಕಾದ ಮಾಹಿತಿ. ಅವನ ಮನೆಯ ಸ್ಥಿತಿ, ಆರೋಗ್ಯ, ಸಂಬಳ, ರಜೆ ಯಾಕೆ ಹಾಕಿದ ಎಂಬುದೆಲ್ಲ ಅವರಿಗೆ ಬೇಡ, ನನಗೂ ಬರೆಯುವ ಹಕ್ಕಿಲ್ಲ.

ಬರೆಯುವ ಮೊದಲು ಅವನನ್ನು ಕರೆದು ಹೇಳಿದೆ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ.

"ಸರ್, ಅದು ಇರಲೇಬೇಕೇ?"

"ಬೇಡವೆಂದರೆ ತೆಗೆಯುತ್ತೇನೆ. ಆದರೆ ದಾಖಲೆಯ ವಿಷಯದಲ್ಲಿ ಹೊಗಳಿ ಒಂದಕ್ಷರವೂ ಇರುವುದಿಲ್ಲ. ಅವರು ಫೋನ್ ಮಾಡಿ ಕೇಳಿದರೆ ಇದ್ದದ್ದನ್ನೇ ಹೇಳುತ್ತೇನೆ."

ಒಂದು ರಾತ್ರಿ ಯೋಚಿಸಿ ಬಂದು, "ಇರಲಿ ಸರ್, ಆದರೆ ಈ ವರ್ಷ ಸರಿಮಾಡಿಕೊಂಡಿದ್ದೇನಲ್ಲ, ಅದನ್ನೂ ಬರೆಯಿರಿ" ಎಂದ. ಅವನ ಮಾತು ನ್ಯಾಯವಾಗಿತ್ತು. ಪೂರ್ತಿ ಸರಿಯಾಗಿರಲಿಲ್ಲ, ಅದನ್ನೂ ಹೇಳಿದೆ. ನಕ್ಕ.

ಪತ್ರವನ್ನು ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತಂದೆ. ನೇರ ಇಂಗ್ಲಿಷಿನಲ್ಲಿ ಕೂತರೆ ಎಲ್ಲಿಂದಲೋ ಸಿದ್ಧ ವಾಕ್ಯಗಳು ಬಂದು ಪೆನ್ನಿನ ತುದಿಗೆ ಅಂಟಿಕೊಳ್ಳುತ್ತವೆ. ಯಾರ್ಡಿನಲ್ಲಿ ಏಕವಚನದಲ್ಲಿ ಕರೆಯುವವನನ್ನು ಪತ್ರದಲ್ಲಿ ಬಹುವಚನಕ್ಕೆ ಏರಿಸುವಾಗ, ಅವನು ನಿಜವಾಗಿಯೂ ಹೊರಡುತ್ತಿದ್ದಾನೆ ಎಂದು ಮೊದಲ ಬಾರಿ ಅನಿಸಿತು. ಕನ್ನಡದ ಕರಡಿನ ಮುಖ್ಯ ಭಾಗ ಇದು:

"ಇವರು ಆರು ವರ್ಷ ನನ್ನ ನೇರ ಮೇಲ್ವಿಚಾರಣೆಯಲ್ಲಿ ಚೆರ್ರಿ ಖರೀದಿಯ ಸ್ಯಾಂಪಲ್ ಪರೀಕ್ಷೆ ನೋಡಿಕೊಂಡರು. ತಕ್ಕಡಿಯ ತಟ್ಟೆ ಬದಲಾದದ್ದರಿಂದ ಬೆಳೆಗಾರರಿಗೆ ಒಂದು ಓಟಿ ಕಡಿಮೆ ಸಂದಾಯವಾದದ್ದನ್ನು ಅದೇ ಸಂಜೆ ತಾವಾಗಿಯೇ ಕಂಡುಹಿಡಿದು, ನನಗೆ ತಿಳಿಸಿ, ಸರಿಪಡಿಸಿದರು. ಅದು ಮರುಕಳಿಸದಂತೆ ಅವರು ಸೂಚಿಸಿದ ಕ್ರಮವನ್ನು ಇಂದಿಗೂ ಪಾಲಿಸುತ್ತಿದ್ದೇವೆ. ಒಪ್ಪದ ಬೆಳೆಗಾರರ ಎದುರು ಪರೀಕ್ಷೆಯನ್ನು ಮತ್ತೆ ಮಾಡಿ ತೋರಿಸುವ ತಾಳ್ಮೆ ಅವರಿಗಿದೆ. ಈ ಕೆಲಸ ಮಾಡಿದ ಒಂಬತ್ತು ಜನರಲ್ಲಿ ಸ್ಯಾಂಪಲ್ ತೆಗೆಯುವ ಎಚ್ಚರದಲ್ಲಿ ಅವರು ಮೊದಲ ಇಬ್ಬರಲ್ಲಿ ಒಬ್ಬರು. ಹಂಗಾಮಿನ ಒತ್ತಡದಲ್ಲಿ ಅವರ ದಾಖಲೆಗಳು ಎರಡು ಮೂರು ದಿನ ತಡವಾಗುತ್ತಿದ್ದವು. ಕಳೆದ ಹಂಗಾಮಿನಲ್ಲಿ ಇದು ಸುಧಾರಿಸಿತು, ಆದರೂ ಆಗಾಗ ನೆನಪಿಸಬೇಕಾಯಿತು. ನಮ್ಮಲ್ಲಿ ರುಚಿ ಪರೀಕ್ಷೆ ನಡೆಯುವುದಿಲ್ಲವಾದ್ದರಿಂದ ಆ ಬಗ್ಗೆ ನಾನು ಏನೂ ಹೇಳಲಾರೆ. ಸ್ಯಾಂಪಲ್ ಪರೀಕ್ಷೆಯ ಹುದ್ದೆಗೆ ಅವರನ್ನು ನಾನು ಮತ್ತೆ ನೇಮಿಸಿಕೊಳ್ಳುತ್ತೇನೆ."

ಕೊನೆಯ ವಾಕ್ಯವನ್ನು ಎಲ್ಲರಿಗೂ ಬರೆಯುವುದಿಲ್ಲ. ಮನಸ್ಸಿನಲ್ಲಿ ಹೌದು ಎಂದು ತಕ್ಷಣ ಬಂದರೆ ಮಾತ್ರ ಬರೆಯುತ್ತೇನೆ. ಬೆಳೆಗಾರರ ಹೆಸರು, ಖರೀದಿ ದರ, ಲಾಟಿನ ವಿವರ ಪತ್ರದಲ್ಲಿ ಹಾಕಲಿಲ್ಲ, ಅವು ಕಂಪನಿಯ ಮನೆಯೊಳಗಿನ ವಿಷಯ. ಲೆಟರ್‌ಹೆಡ್ ಬಳಸುವುದಕ್ಕೆ ಮಾಲೀಕರ ಒಪ್ಪಿಗೆ ಕೇಳಿದೆ. ಅವರು ಓದಿ, "ಇಷ್ಟು ಕಡಿಮೆ ಹೊಗಳಿದರೆ ಹೇಗಪ್ಪಾ, ಪಾಪ ಹುಡುಗ" ಎಂದರು. ತಟ್ಟೆಯ ವಿಷಯ ಇನ್ನೊಮ್ಮೆ ಓದಿ ಸುಮ್ಮನಾದರು.

ಜೂನ್ ಎರಡನೇ ವಾರ ಬೆಂಗಳೂರಿನಿಂದ ಫೋನ್ ಬಂತು, ಗುಣಮಟ್ಟ ವಿಭಾಗದ ಮುಖ್ಯಸ್ಥೆ. ತಟ್ಟೆಯ ಕತೆ ಕೇಳುತ್ತಾರೆಂದು ರಿಜಿಸ್ಟರಿನ ಪುಟ ತೆರೆದು ಕೂತಿದ್ದೆ. ಅವರು ಕೇಳಿದ್ದು ಬೇರೆ: "ದಾಖಲೆ ತಡ ಎಂದಿದ್ದೀರಲ್ಲ, ತಡವಾಗಿ ಬರೆದದ್ದು ಸರಿಯಾಗಿರುತ್ತಿತ್ತೇ, ನೆನಪಿನಿಂದ ಬರೆಯುತ್ತಿದ್ದರೇ?" ಒಳ್ಳೆಯ ಪ್ರಶ್ನೆ. ಜೇಬಿನ ಚೀಟಿಗಳನ್ನು ನೋಡಿಯೇ ಬರೆಯುತ್ತಿದ್ದ, ನಾನು ತಾಳೆ ನೋಡಿದಾಗ ತಪ್ಪು ಸಿಕ್ಕಿದ್ದು ಒಮ್ಮೆ ಮಾತ್ರ ಎಂದೆ. "ನಮ್ಮಲ್ಲಿ ನಿಂತಲ್ಲೇ ಕಂಪ್ಯೂಟರಿಗೆ ಹಾಕಬೇಕು, ಕಲಿಸುತ್ತೇವೆ" ಎಂದು ಹೇಳಿ ಇಟ್ಟರು.

ಅವನು ಹೊರಡುವ ದಿನ ಮಳೆ ಹಿಡಿದಿತ್ತು. ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟೆ. ಅದರ ಪ್ರತಿಯೊಂದು ನನ್ನ ಕಡತದಲ್ಲಿದೆ, ಪ್ರತಿ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ರಿಜಿಸ್ಟರಿನ ಪುಟಸಂಖ್ಯೆ ಬರೆದಿಟ್ಟಿದ್ದೇನೆ. ತಾಳ್ಮೆಯ ವಾಕ್ಯದ ಪಕ್ಕ ಮಾತ್ರ ಖಾಲಿ, ಅದಕ್ಕೆ ಪುಟ ಸಿಗಲಿಲ್ಲ.