ಕೆನ್ನೆಯ ಮೊಡವೆಗೊಂದು ಬ್ರಷ್, ಕೂದಲಂಚಿನ ಮೊಡವೆಗೆ ಇನ್ನೊಂದು

ಮದುವಣಗಿತ್ತಿಯ ಫೋಟೊ ಒಂದನ್ನು ಫೋಟೊಶಾಪ್‌ನಲ್ಲಿ ತೆರೆದಿದ್ದೀರಿ ಎಂದುಕೊಳ್ಳಿ. ಕೆನ್ನೆಯಲ್ಲಿ ಒಂದು ಮೊಡವೆ. ಹಣೆಯಲ್ಲಿ, ಕೂದಲು ಶುರುವಾಗುವ ಕಡೆ ಇನ್ನೊಂದು. ಹಿಂದಿನ ಗೋಡೆಯಲ್ಲಿ ಸ್ವಿಚ್ ಬೋರ್ಡ್. ಮೂರಕ್ಕೂ ಒಂದೇ ಟೂಲ್ ಸಾಲದು. ಯಾವುದು ಬೇಕು ಅಂತ ತಿಳಿಯಲು ಕಲೆಯನ್ನಲ್ಲ, ಅದರ ಅಕ್ಕಪಕ್ಕ ಏನಿದೆ ಎಂದು ನೋಡಿ.

ಮೊದಲು ಗೋಡೆ ಮುಗಿಸಿಬಿಡಿ. ಫೋಟೊದ ಲೇಯರ್ ಮೇಲೆಯೇ ಇದ್ದು, ಲ್ಯಾಸೊ ಟೂಲ್‌ನಿಂದ ಬೋರ್ಡಿನ ಸುತ್ತ ಸ್ವಲ್ಪ ಜಾಗ ಬಿಟ್ಟು ಗೆರೆ ಎಳೆಯಿರಿ. Edit > Content-Aware Fill ಒತ್ತಿದರೆ, ಎಲ್ಲಿಂದ ತುಂಬುತ್ತದೆ ಎಂಬುದು ಹಸಿರು ಬಣ್ಣದಲ್ಲಿ ಕಾಣುತ್ತದೆ. ಆ ಹಸಿರು ಮುಖ, ಮಲ್ಲಿಗೆ ದಂಡೆಯ ಮೇಲೂ ಹರಡಿದ್ದರೆ Sampling Brush ಹಿಡಿದು, ಮೈನಸ್ ಗುರುತು ಆರಿಸಿ ಉಜ್ಜಿ ಅಳಿಸಿ. ಇಲ್ಲದಿದ್ದರೆ ಗೋಡೆಯಲ್ಲಿ ಹೂವಿನ ಚೂರು ಮೂಡಬಹುದು. Output To ಎಂಬಲ್ಲಿ New Layer ಇರಲಿ. ಮುಖದ ಚರ್ಮಕ್ಕೆ ಮಾತ್ರ ನಾನು ಇದನ್ನು ಬಳಸುವುದಿಲ್ಲ. ರಂಧ್ರಗಳನ್ನು ಎಲ್ಲಿಂದ ತರಬೇಕು ಎಂಬುದು ನಮ್ಮ ಕೈಯಲ್ಲೇ ಇರಬೇಕು.

ಈಗ Ctrl+D ಒತ್ತಿ ಲ್ಯಾಸೊ ಸೆಲೆಕ್ಷನ್ ತೆಗೆದು, ಎಲ್ಲದರ ಮೇಲೆ ಒಂದು ಖಾಲಿ ಲೇಯರ್ ಹಾಕಿ. ಟೂಲ್ ಆರಿಸಿದ ಮೇಲೆ Sample ಎಂಬಲ್ಲಿ Current & Below ಇಡಿ. ತಪ್ಪಾದರೆ ಅಷ್ಟೇ ಅಳಿಸಬಹುದು, ಮೂಲ ಫೋಟೊ ಹಾಗೇ ಇರುತ್ತದೆ.

ಕೆನ್ನೆಯ ಮೊಡವೆಗೆ ಹೀಲಿಂಗ್ ಬ್ರಷ್. ಬ್ರಷ್ ಮೊಡವೆಗಿಂತ ಒಂಚೂರು ದೊಡ್ಡದಿರಲಿ. Alt ಒತ್ತಿ ಹತ್ತಿರದ ಸ್ವಚ್ಛ ಚರ್ಮದ ಮೇಲೆ ಕ್ಲಿಕ್ ಮಾಡಿ, ಆಮೇಲೆ ಮೊಡವೆ ಮೇಲೆ ಒತ್ತಿ. ಇದು ಅಲ್ಲಿಂದ ಚರ್ಮದ ರಂಧ್ರಗಳನ್ನು ತರುತ್ತದೆ, ಬಣ್ಣ ಮತ್ತು ಬೆಳಕನ್ನು ಮೊಡವೆಯ ಸುತ್ತಲಿಂದ ತೆಗೆದುಕೊಳ್ಳುತ್ತದೆ.

ಹಣೆಯಲ್ಲಿ ಕೆಡುವುದೂ ಇದೇ ಕಾರಣಕ್ಕೆ. ಮೊಡವೆಯ ಸುತ್ತ ಕಪ್ಪು ಕೂದಲೂ ಇದೆಯಲ್ವಾ? ಬ್ರಷ್ ಅದನ್ನೂ ಎಳೆದುಕೊಂಡು, ಮಸಿ ಒರೆಸಿದಂಥ ಕಲೆ ಮಾಡುತ್ತದೆ. ಬೊಟ್ಟಿನ ಪಕ್ಕದ ಕಲೆಯಾದರೆ ದಾರಿಯಿದೆ. ಬೊಟ್ಟಿನ ಅಂಚನ್ನು ಬಿಟ್ಟು ಚರ್ಮವನ್ನಷ್ಟೇ ಸೆಲೆಕ್ಟ್ ಮಾಡಿ ಹೀಲಿಂಗ್ ಬ್ರಷ್ ಆಡಿಸಿದರೆ ಬಣ್ಣ ಒಳಗೆ ಬರುವುದಿಲ್ಲ. ಎಳೆ ಎಳೆಯಾದ ಕೂದಲಂಚನ್ನು ಹಾಗೆ ಬಿಡಿಸಿ ಸೆಲೆಕ್ಟ್ ಮಾಡುವುದು ಕಷ್ಟ.

ಅಲ್ಲಿ ಕ್ಲೋನ್ ಸ್ಟ್ಯಾಂಪ್ ಬೇಕು. ಇದು ಯಾವುದನ್ನೂ ಬೆರೆಸದೆ, ತೋರಿಸಿದ್ದನ್ನು ಹಾಗೇ ನಕಲು ಮಾಡುತ್ತದೆ. ಹಾಗಾಗಿ ಬೆಳಕು ಹೊಂದಿಸುವ ಕೆಲಸ ನಿಮ್ಮದು. ಅದೇ ಕೂದಲಂಚಿನಲ್ಲಿ, ಅಷ್ಟೇ ಬೆಳಕಿರುವ ಪಕ್ಕದ ಚರ್ಮವನ್ನು Alt ಒತ್ತಿ ಆರಿಸಿ. ಕೆನ್ನೆಯಿಂದ ತಂದರೆ ತೇಪೆ ಹಚ್ಚಿದಂತೆ ಕಾಣುತ್ತದೆ. ಚಿಕ್ಕ, ಮೃದು ಅಂಚಿನ ಬ್ರಷ್ ಹಿಡಿದು, Opacity ಸುಮಾರು 40% ಇಟ್ಟು ಎರಡು ಮೂರು ಸಲ ಒತ್ತಿ. ತುಂಬಾ ಸಲ ಉಜ್ಜಿದರೆ ರಂಧ್ರಗಳು ಮಾಸಿ ಚರ್ಮ ಮೇಣದ ಹಾಗಾಗುತ್ತದೆ.

ಕೊನೆಗೆ 100% ಜೂಮ್‌ನಲ್ಲಿ ಖಾಲಿ ಲೇಯರ್‌ನ ಕಣ್ಣಿನ ಗುರುತನ್ನು ಆಫ್-ಆನ್ ಮಾಡಿ ನೋಡಿ. ಒಂದೇ ರಂಧ್ರ ಎರಡು ಕಡೆ ಕಂಡರೆ ಬೇರೆ ಜಾಗದಿಂದ ಮತ್ತೆ ತನ್ನಿ. ಗಲ್ಲದ ಮಚ್ಚೆಯನ್ನು ಮಾತ್ರ ಕೇಳದೆ ಮುಟ್ಟಬೇಡಿ. ಮೊಡವೆ ವಾರದಲ್ಲಿ ಹೋಗುತ್ತದೆ, ಮಚ್ಚೆ ಅವರ ಮುಖದ್ದೇ.