ಮಿಡಿ ಸೀಸನ್‌ನಲ್ಲಿ ಗೇಟ್‌ವೇ ತಡೆದಿಟ್ಟ ದುಡ್ಡು ಬಿಡಿಸಿಕೊಂಡಿದ್ದು

ಸಾಗರದ ಕಡೆ ನಮ್ಮದು ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರ. ಹೋದ ಸೀಸನ್‌ನಲ್ಲಿ, ಗಿರಾಕಿಗಳ ಆನ್‌ಲೈನ್ ದುಡ್ಡು ನಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ನಮ್ಮ ಸುಮಾರು 2 ಲಕ್ಷ 40 ಸಾವಿರ ತಡೆದಿಟ್ಟಿತು. "ಆ ದುಡ್ಡು ಮರೆತುಬಿಡಿ, ಬೇರೆ ಗೇಟ್‌ವೇ ಹಿಡೀರಿ" ಅಂದರು ನಮ್ಮ ಅಕೌಂಟೆಂಟ್. ನಾನು ಪೂರ್ತಿ ತೆಗೆಸಿದೆ.

ಮೇಲ್‌ನಲ್ಲಿ "ರಿಸ್ಕ್ ರಿವ್ಯೂ" ಅಂತಷ್ಟೇ ಇತ್ತು. ಕಾರಣ ನಾನೇ ಹುಡುಕಬೇಕಾಯಿತು. ಬೇರೆ ತಿಂಗಳಲ್ಲಿ ನಮ್ಮ ಒಂದು ಆರ್ಡರ್ ಐನೂರು, ಆರುನೂರು. ಮಿಡಿ ಬುಕಿಂಗ್ ಶುರುವಾದರೆ ಎರಡೂವರೆ, ಮೂರು ಸಾವಿರ. ಮಿಡಿ ಉಪ್ಪಿನಲ್ಲಿ ಕೂತು ಮಾಗಬೇಕಲ್ವಾ, ಮಾಲು ಹೋಗೋದು ತಿಂಗಳ ಮೇಲೆ. ಅಷ್ಟರೊಳಗೆ ಗಿರಾಕಿಗಳು ಚಾರ್ಜ್‌ಬ್ಯಾಕ್ ಹಾಕಿದರೆ, ಅಂದರೆ ಬ್ಯಾಂಕಿನ ಮೂಲಕ ದುಡ್ಡು ವಾಪಸ್ ಕೇಳಿದರೆ, ನಮ್ಮಿಂದ ವಸೂಲಾಗದ ದುಡ್ಡು ಗೇಟ್‌ವೇ ತಲೆಗೆ ಬರುತ್ತದೆ. ಅವರ ಭಯ ಅದು.

ಮೊದಲು ಎಲ್ಲ ಬಿಲ್ಲುಗಳನ್ನೂ ಒಂದೇ ಪಿಡಿಎಫ್ ಮಾಡಿ ಕಳಿಸಿದೆ. ಮತ್ತೆ ಅದೇ ದಾಖಲೆ ಕೇಳಿದರು. ಫೋನ್ ಮಾಡಿದರೆ ಟಿಕೆಟ್ ನಂಬರ್ ಮಾತ್ರ. ಕೊನೆಗೆ ಡ್ಯಾಶ್‌ಬೋರ್ಡ್‌ನಿಂದ ತಡೆದಿಟ್ಟ ಪೇಮೆಂಟ್‌ಗಳ ಪಟ್ಟಿ ಇಳಿಸಿಕೊಂಡೆ. ಒಂದೊಂದು ಪೇಮೆಂಟ್ ಐಡಿ ಎದುರಿಗೆ ಬಿಲ್ ನಂಬರ್, ಕೊರಿಯರ್ ಟ್ರ್ಯಾಕಿಂಗ್ ನಂಬರ್, ತಲುಪಿದ ದಿನ ಬರೆದೆ. ಇನ್ನೂ ಕಳಿಸದ ಆರ್ಡರ್‌ಗಳಿಗೆ ಬೇರೆ ಶೀಟ್: ಕಳಿಸುವ ದಿನ, ಮಿಡಿ ಕೊಂಡ ಚೀಟಿ, ಉಪ್ಪು ಹಾಕಿದ ಡ್ರಮ್‌ಗಳ ಫೋಟೋ. "ತಲುಪಿದ ಆರ್ಡರ್‌ಗಳ ದುಡ್ಡನ್ನಾದರೂ ಮೊದಲು ಬಿಡಿ" ಅಂತ ಕೇಳಿದೆ. ವಾರದಲ್ಲಿ ಒಂದೂವರೆ ಲಕ್ಷದಷ್ಟು ಬಿಡಲು ಒಪ್ಪಿದರು. ಮೇಲ್‌ನ ಮೊದಲ ಎರಡು ಸಾಲು ಹೇಗೆ ಬರೆದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಆದರೆ ಆ ದುಡ್ಡೂ ಬರಲಿಲ್ಲ. ಬ್ಯಾಂಕ್ ವಿವರ ಹೊಂದುತ್ತಿಲ್ಲ ಅಂದರು. ನಮ್ಮದು ಹಳೇ ಸಿಂಡಿಕೇಟ್ ಖಾತೆ, 2020ರಲ್ಲಿ ಕೆನರಾಗೆ ಸೇರಿದ್ದು. ಎಲ್ಲರೂ ಐಎಫ್‌ಎಸ್‌ಸಿ ಮೇಲೇ ಅನುಮಾನ ಪಟ್ಟರು. ನಾನು ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಪರೀಕ್ಷೆಗೆ ಗೇಟ್‌ವೇಯವರು ಹಾಕಿದ 1 ರೂಪಾಯಿ ಜಮಾ ಆಗಿತ್ತು! ಅಂದರೆ ಖಾತೆ ನಂಬರ್, ಐಎಫ್‌ಎಸ್‌ಸಿ ಎರಡೂ ಸರಿ, ತಕರಾರು ಹೆಸರಿನದು. ಆ ರೂಪಾಯಿಯೇ ಬಾರದಿದ್ದರೆ ಮೊದಲು ನಂಬರ್, ಐಎಫ್‌ಎಸ್‌ಸಿ ನೋಡಬೇಕಿತ್ತು. ಜಿಎಸ್‌ಟಿಯಲ್ಲಿ ಅಂಗಡಿ ಹೆಸರು ಪೂರ್ತಿ ಇದೆ, ಬ್ಯಾಂಕಿನಲ್ಲಿ ಕೊನೆಯ ಪದ ಅರ್ಧಕ್ಕೇ ನಿಂತಿತ್ತು.

"ಸುಮ್ನೆ ನಿಮ್ಮ ಉಳಿತಾಯ ಖಾತೆ ಕೊಡಿ" ಅಂದರು ಗೆಳೆಯರು. ನಾನು ಒಪ್ಪಲಿಲ್ಲ. ರಿವ್ಯೂ ನಡೆಯುವಾಗ ಖಾತೆ ಬದಲಿಸಿದರೆ ಅನುಮಾನ ಜಾಸ್ತಿ. ಜಿಎಸ್‌ಟಿ, ಉದ್ಯಮ್ ಪತ್ರ ಹಿಡಿದು ಶಾಖೆಗೆ ಹೋಗಿ ಹೆಸರು ಸರಿ ಮಾಡಿಸಿದೆ. ಚೆಕ್‌ಬುಕ್‌ನಲ್ಲಿ ಹಳೇ ಹೆಸರೇ ಇದ್ದದ್ದರಿಂದ, ಕ್ಯಾನ್ಸಲ್ ಚೆಕ್ ಬದಲು ಶಾಖೆಯ ಸೀಲು ಹಾಕಿದ ಪತ್ರ ಕೊಟ್ಟೆ. ಹತ್ತು ದಿನ ಹಿಡಿದಿರಬೇಕು, ದುಡ್ಡು ಬ್ಯಾಂಕ್ ವರ್ಗಾವಣೆಯ ಯುಟಿಆರ್ ನಂಬರ್ ಸಮೇತ ಬಂತು. ಉಳಿದದ್ದು ಮಾಲು ತಲುಪುತ್ತಾ ಬಂದಂತೆ ಬಂತು.

ನಡುವೆ ಹಳೇ ಗಿರಾಕಿಗಳಿಗೆ ಅಂಗಡಿಯ ಯುಪಿಐ ಕ್ಯೂಆರ್ ಕಳಿಸಿಯೂ ನೋಡಿದೆ. ದುಡ್ಡು ಬೇಗ ಬಂತು, ಆದರೆ ಯಾವ ದುಡ್ಡು ಯಾವ ಆರ್ಡರ್‌ದು ಅಂತ ಹೊಂದಿಸಲು ರಾತ್ರಿಯೆಲ್ಲ ಬೇಕಾಯಿತು. ಬಿಟ್ಟೆ. ಈ ವರ್ಷ ಬುಕಿಂಗ್ ಶುರುವಾಗುವ ಮುಂಚೆಯೇ ಎಷ್ಟು ವ್ಯಾಪಾರ ಬರಬಹುದು, ಮಾಲು ಯಾವಾಗ ಹೋಗುತ್ತದೆ ಅಂತ ಗೇಟ್‌ವೇಗೆ ಬರೆದು, ಹೋದ ವರ್ಷದ ಶೀಟನ್ನೂ ಜೊತೆಗಿಟ್ಟೆ. ಈವರೆಗೆ ಒಂದು ಪೇಮೆಂಟೂ ನಿಂತಿಲ್ಲ.