ಸ್ಲಾಟ್ ಅರ್ಧಾ ಮಾಡಿದ್ರೂ ಪಿಂಗ್ ಯಾಕ ಇಳೀಲಿಲ್ಲ: 5ಜಿ ಬೆಂಚ್ ಮ್ಯಾಲ ನನ್ನ ಅನುಭವ

ನಾನು ಬೆಳಗಾವಿ ಉದ್ಯಮಬಾಗದಾಗ ಸಣ್ಣ ಫ್ಯಾಕ್ಟರಿಗಳಿಗೆ ಪಿಎಲ್‌ಸಿ, ಅಂದ್ರ ಮಷಿನ್ ನಡಸೋ ಕಂಟ್ರೋಲರ್, ಅದರ ಪ್ಯಾನಲ್ ಮಾಡಿಕೊಡೋ ಕೆಲಸ ಮಾಡ್ತೀನಿ. ಒಂದು ಫೌಂಡ್ರಿಯೊಳಗ ಮೌಲ್ಡ್ ಒಯ್ಯೋ ಟ್ರಾಲಿ ಐತಿ, ಹಳಿ ಮ್ಯಾಲ ಹೋಗಿ ಬರತೈತಿ, ಅದಕ್ಕ ಕಂಟ್ರೋಲ್ ಕೇಬಲ್ ಚೈನ್‌ನಾಗ ಹಾಕ್ಯಾರ. ಬಿಸಿ ಮತ್ತ ಮರಳಿಗೆ ಆ ಕೇಬಲ್ ಪದೇಪದೇ ಹರೀತಿತ್ತು. ಮಾಲಕ್ರು "ಸರ, ಇದನ್ನ ವೈರ್‌ಲೆಸ್ ಮಾಡಾಕ ಬರತೈತೇನ್ರಿ?" ಅಂತ ಕೇಳಿದ್ರು. ಮೊದ್ಲು ವೈಫೈ ಹಚ್ಚಿ ನೋಡಿದ್ವಿ. ಟ್ರಾಲಿ 10 ಮಿಲಿಸೆಕೆಂಡಿಗೊಮ್ಮೆ "ನಾ ಇದ್ದೀನಿ" ಅಂತ ಒಂದು ಸಣ್ಣ ಪ್ಯಾಕೆಟ್ ಕಳಿಸ್ಬೇಕು, 30 ಮಿಲಿಸೆಕೆಂಡ್ ಏನೂ ಬರಲಿಲ್ಲ ಅಂದ್ರ ಪಿಎಲ್‌ಸಿ ಟ್ರಾಲಿ ನಿಲ್ಲಿಸಿಬಿಡತೈತಿ. ವೈಫೈ ಮ್ಯಾಲ ದಿನಕ್ಕ ನಾಲ್ಕೈದು ಸಲ ನಿಲ್ತಿತ್ತು. ಹಂಗಾಗಿ 5ಜಿ ರೇಡಿಯೋ ಇದನ್ನ ತಡೀತೈತೇನು ಅಂತ ಬೆಂಚ್ ಮ್ಯಾಲ ನೋಡಬೇಕಂತ ಮಾಡ್ದೆ.

ಕಾಲೇಜ್ ಲ್ಯಾಬ್‌ನಾಗಿರೋ ನನ್ನ ಗೆಳೆಯಾ ಯುಎಸ್‌ಆರ್‌ಪಿ ಬಿ210 ಅನ್ನೋ, ಸಾಫ್ಟ್‌ವೇರ್‌ನಿಂದ ನಡಸೋ ಒಂದು ರೇಡಿಯೋ ಬೋರ್ಡ್ ಕೊಟ್ಟ. ಅದಕ್ಕ ಎಸ್‌ಆರ್‌ಎಸ್ ರಾನ್ ಅನ್ನೋ ಓಪನ್ ಸೋರ್ಸ್ ಬೇಸ್ ಸ್ಟೇಷನ್ ಸಾಫ್ಟ್‌ವೇರ್, ಹಿಂದ ನೆಟ್‌ವರ್ಕ್ ನಡಸೋ ಓಪನ್‌5ಜಿಎಸ್ ಕೋರ್ ಸಾಫ್ಟ್‌ವೇರ್, ಈ ಕಡೆ ಲ್ಯಾಪ್‌ಟಾಪಿಗೆ ಒಂದು 5ಜಿ ಮಾಡ್ಯೂಲ್ ಮತ್ತ ನಾವೇ ಪ್ರೋಗ್ರಾಮ್ ಮಾಡಿದ್ದ ಟೆಸ್ಟ್ ಸಿಮ್. ಗಾಳಿಯೊಳಗ ಬಿಡಲಿಲ್ಲ, ಲೈಸೆನ್ಸ್ ಇಲ್ಲದ ಅದು ಮಾಡಬಾರದು. ಆಂಟೆನಾ ಜಾಗಾದಾಗ ಕೋಆಕ್ಸ್ ಕೇಬಲ್, ನಡುವ ಅಟೆನ್ಯೂಯೇಟರ್ ಹಾಕಿ ಬೋರ್ಡಿನಿಂದ ಸೀದಾ ಮಾಡ್ಯೂಲಿಗೆ ಕೊಟ್ವಿ.

ಮುಂದ ಹೋಗೋಕಿಂತ ಮೊದ್ಲು ಸ್ಲಾಟ್ ಅಂದ್ರೇನು ಅನ್ನೋದು ಹೇಳ್ತೀನಿ. 4ಜಿಯೊಳಗ ಡೇಟಾ ಹೊರೋ ಸಬ್‌ಕ್ಯಾರಿಯರ್‌ಗಳ ನಡುವಿನ ಅಂತರ 15 ಕಿಲೋಹರ್ಟ್ಜ್ ಅಂತ ಫಿಕ್ಸ್ ಇತ್ತು. ಒಂದು ಸಿಂಬಲ್ ಎಷ್ಟು ಉದ್ದ ಅನ್ನೋದು ಈ ಅಂತರದ ಉಲ್ಟಾ, ಅಂದ್ರ 1 ಭಾಗಿಸು 15,000, ಸುಮಾರು 66.7 ಮೈಕ್ರೋಸೆಕೆಂಡ್. ಅದರ ಮೊದ್ಲಿಗೆ ಸೈಕ್ಲಿಕ್ ಪ್ರಿಫಿಕ್ಸ್ ಅನ್ನೋ ಸಣ್ಣ ಗ್ಯಾಪ್ ಸೇರಿಸಿ 14 ಸಿಂಬಲ್ ಕೂಡಿದ್ರ 1 ಮಿಲಿಸೆಕೆಂಡ್ ಆಗತೈತಿ. 2018ರಾಗ ಬಂದ 5ಜಿಯ ಮೊದಲ ಸ್ಟ್ಯಾಂಡರ್ಡ್, ರಿಲೀಸ್ 15, ಈ ಅಂತರವನ್ನ ಡಬಲ್ ಮಾಡ್ತಾ ಹೋಗಾಕ ಬಿಟ್ಟಿತು: 15, 30, 60, 120. 5ಜಿಯೊಳಗ ಈ 14 ಸಿಂಬಲ್ಲಿನ ಗುಂಪಿಗೇ ಸ್ಲಾಟ್ ಅಂತಾರ, ಅಂತರ ಯಾವುದಿದ್ರೂ 14 ಅನ್ನೋದು ಹಂಗ ಇರತೈತಿ. ಹಿಂಗಾಗಿ ಅಂತರ ಡಬಲ್ ಆದಂಗ ಸ್ಲಾಟ್ ಅರ್ಧ ಆಗತೈತಿ, 30ಕ್ಕ 0.5 ಮಿಲಿಸೆಕೆಂಡ್, 60ಕ್ಕ 0.25, 120ಕ್ಕ 0.125. ಬಸ್ಸಿನ ಲೆಕ್ಕಾ ಹಿಡೀರಿ, ತಾಸಿಗೊಂದು ದೊಡ್ಡ ಬಸ್ ಬಿಡೋ ಬದ್ಲಿ ಅರ್ಧ ತಾಸಿಗೊಂದು ಸಣ್ಣ ಬಸ್ ಬಿಟ್ಟಂಗ. ಒಟ್ಟು ಮಂದಿ ಅಷ್ಟ ಹೋಗ್ತಾರ, ಸ್ಟ್ಯಾಂಡಿನಾಗ ಕಾಯೋದು ಕಡಿಮಿ.

ಇಷ್ಟು ಓದ್ಕೊಂಡು ನಾನು ಮೊದ್ಲು ಎನ್3 ಬ್ಯಾಂಡಿನಾಗ 15 ಕಿಲೋಹರ್ಟ್ಜ್ ಎಫ್‌ಡಿಡಿ, ಅಂದ್ರ ಹೋಗಾಕ ಬರಾಕ ಬ್ಯಾರೆ ಬ್ಯಾರೆ ಫ್ರೀಕ್ವೆನ್ಸಿ, ಹಾಕಿ ಪಿಂಗ್, ಅಂದ್ರ ಪ್ಯಾಕೆಟ್ ಹೋಗಿ ಉತ್ತರ ಬರೋ ಹೊತ್ತು, ನೋಡ್ದೆ, ಸರಾಸರಿ 25 ಮಿಲಿಸೆಕೆಂಡ್ ಹತ್ರ ಬಂತು. ಆಮೇಲೆ ಎನ್78 ಬ್ಯಾಂಡಿಗೆ ಹೋಗಿ 30 ಕಿಲೋಹರ್ಟ್ಜ್ ಮಾಡ್ದೆ. ಸ್ಲಾಟ್ ಅರ್ಧ ಆತಲ್ಲ, ಪಿಂಗೂ 12-13ಕ್ಕ ಇಳೀತೈತಿ ಅಂತ ಕುಂತಿದ್ದೆ. ಬಂದದ್ದು 24. ಕೆಟ್ಟ ಪ್ಯಾಕೆಟ್ಟು 35ರ ಮ್ಯಾಲ. ಆ ದಿನ ಸಂಜಿ ತನಕ ಕೇಬಲ್, ಅಟೆನ್ಯೂಯೇಟರ್ ಎಲ್ಲಾ ಬಿಚ್ಚಿ ಹಾಕಿ ನೋಡ್ದೆ, ತಪ್ಪು ಅಲ್ಲಿರಲೇ ಇಲ್ಲ.

ತಪ್ಪು ಎಲ್ಲಿತ್ತಪಾ ಅಂದ್ರ, ಟ್ರಾಲಿ ಪ್ಯಾಕೆಟ್ ಅಪ್‌ಲಿಂಕ್, ಅಂದ್ರ ಮೊಬೈಲಿನಿಂದ ಬೇಸ್ ಸ್ಟೇಷನ್ನಿಗೆ ಹೋಗೋದು, ಉಲ್ಟಾ ಬಂದ್ರ ಡೌನ್‌ಲಿಂಕ್. ಅಪ್‌ಲಿಂಕ್‌ನಾಗ ಮೊಬೈಲ್, ಇಲ್ಲಿ ನಮ್ಮ ಮಾಡ್ಯೂಲ್, ತಾನಾಗೇ ಕಳಿಸಾಂಗಿಲ್ಲ. ಮೊದ್ಲು "ನನ್ನ ಹತ್ರ ಡೇಟಾ ಐತಿ" ಅಂತ ಶೆಡ್ಯೂಲಿಂಗ್ ರಿಕ್ವೆಸ್ಟ್ ಕಳಿಸಬೇಕು, ಬೇಸ್ ಸ್ಟೇಷನ್ "ಇಂಥಾ ಸ್ಲಾಟ್‌ನಾಗ ಕಳಸು" ಅಂತ ಗ್ರ್ಯಾಂಟ್ ಕೊಡಬೇಕು, ಆಮೇಲೆ ಡೇಟಾ. ಆ ರಿಕ್ವೆಸ್ಟ್ ಕಳಿಸಾಕ ಅವಕಾಶ ಎಷ್ಟು ಹೊತ್ತಿಗೊಮ್ಮೆ ಬರತೈತಿ ಅನ್ನೋದು ಬ್ಯಾರೆ ಸೆಟ್ಟಿಂಗ್, ನಮ್ಮ ಸಾಫ್ಟ್‌ವೇರ್‌ನಾಗ ಡೀಫಾಲ್ಟ್ 20 ಮಿಲಿಸೆಕೆಂಡ್. ಅಂದ್ರ ಬರೇ ಕೇಳಾಕ ಸರಾಸರಿ 10 ಮಿಲಿಸೆಕೆಂಡ್ ಕಾಯೋದು! ಸ್ಲಾಟ್ 1 ಇರಲಿ, 0.5 ಇರಲಿ, ಇದು ಮಿಲಿಸೆಕೆಂಡ್ ಲೆಕ್ಕದಾಗ ಹಾಕಿದ್ದು, ಅದು ಇಳಿಯೂದೇ ಇಲ್ಲ.

ಎರಡನೇದು ಟಿಡಿಡಿ ಪ್ಯಾಟರ್ನ್. ಎನ್78ರಾಗ ಒಂದೇ ಫ್ರೀಕ್ವೆನ್ಸಿ ಮ್ಯಾಲ ಡೌನ್‌ಲಿಂಕ್, ಅಪ್‌ಲಿಂಕ್ ಪಾಳಿ ಮಾಡ್ಕೊಂಡು ಹೋಗ್ತಾವ. ಡೀಫಾಲ್ಟ್ ಪ್ಯಾಟರ್ನ್ 10 ಸ್ಲಾಟಿಂದು: 6 ಡೌನ್, ಡೌನ್‌ನಿಂದ ಅಪ್‌ಗೆ ಹೊರಳೋ ಒಂದು ಸ್ಪೆಷಲ್, 3 ಅಪ್. ಅಪ್ ಸ್ಲಾಟ್ ಮುಗಿದ ಕೂಡ್ಲೇ ಬಂದ ಪ್ಯಾಕೆಟ್ 7 ಸ್ಲಾಟ್, ಅಂದ್ರ 3.5 ಮಿಲಿಸೆಕೆಂಡ್ ಸುಮ್ನ ಕುಂದ್ರತೈತಿ. ಎಫ್‌ಡಿಡಿಯೊಳಗ ಈ ಕಾಯೋದು ಇರಲಿಲ್ಲ. ಸ್ಲಾಟ್ ಅರ್ಧ ಮಾಡಿ ಗಳಿಸಿದ್ದನ್ನ ಪ್ಯಾಟರ್ನ್ ವಾಪಸ್ ತಿಂದಿತ್ತು.

ಪ್ಯಾಟರ್ನ್ 5 ಸ್ಲಾಟಿಗೆ ಇಳಿಸ್ದೆ, 3 ಡೌನ್, ಒಂದು ಸ್ಪೆಷಲ್, ಒಂದು ಅಪ್, ಒಟ್ಟು 2.5 ಮಿಲಿಸೆಕೆಂಡ್. ರಿಕ್ವೆಸ್ಟ್ ಅವಕಾಶಾನೂ 2.5ಕ್ಕ ಒಂದು, ಅಂದ್ರ ಪ್ರತಿ ಅಪ್ ಸ್ಲಾಟಿಗೂ ಒಂದು. ಪಿಂಗ್ ಇಳೀತು, ಆದ್ರ ನಾ ಕಾಗದದ ಮ್ಯಾಲ ಹಾಕಿದ್ದಕ್ಕಿಂತ 2.5 ಮಿಲಿಸೆಕೆಂಡ್ ಹೆಚ್ಚಿಗಿನೇ ಬರ್ತಿತ್ತು. ಸರಿಯಾಗಿ 2.5 ಹೆಚ್ಚು ಬರಾಕತ್ತದ ಅಂದ್ರ ಒಂದು ಪೂರಾ ಪ್ಯಾಟರ್ನ್ ಎಲ್ಲೋ ತಪ್ಪಾಕತ್ತದ ಅಂತ ಅರ್ಥ. ಅದನ್ನ ಹುಡುಕಿದ್ದು ಹಿಂಗ.

ಕೆಟ್ಟ ಕೇಸ್ ತಗೋರಿ. ಅಪ್ ಸ್ಲಾಟ್ ಈಗಷ್ಟೇ ಮುಗೀತು, ಅದನ್ನ ಸೊನ್ನೆ ಅನ್ನೋಣ, ಆಗ ಪ್ಯಾಕೆಟ್ ಬಂತು. ಮುಂದಿನ ಅಪ್ ಸ್ಲಾಟ್ 2.0ರಿಂದ 2.5ರ ತನಕ, ಅದರಾಗ ರಿಕ್ವೆಸ್ಟ್ ಹೋತು. ಅದನ್ನ ಬಿಡಿಸಿ ನೋಡಾಕ ಬೇಸ್ ಸ್ಟೇಷನ್ನಿಗೆ ಸ್ವಲ್ಪ ಹೊತ್ತು ಬೇಕು, ಹಂಗಾಗಿ ಮೊದಲನೇ ಡೌನ್ ಸ್ಲಾಟ್ ತಪ್ಪಿ ಎರಡನೇದ್ರಾಗ, 3.0ಕ್ಕ, ಗ್ರ್ಯಾಂಟ್ ಬಂತು. ಅಲ್ಲಿಂದ ಮುಂದಿನ ಅಪ್ ಸ್ಲಾಟ್ 3 ಸ್ಲಾಟ್ ದೂರ, 4.5ರಿಂದ 5.0. ಅದರಾಗ ಡೇಟಾ ಹೋಗಬೇಕಿತ್ತು. ಆದ್ರ ಗ್ರ್ಯಾಂಟಿಗೂ ಡೇಟಾಕ್ಕೂ ನಡುವ ಎಷ್ಟು ಸ್ಲಾಟ್ ಅನ್ನೋದಕ್ಕ ಕೆ2 ಅಂತಾರ, ಅದು ಕನಿಷ್ಠ 4 ಇರಬೇಕು ಅಂತ ಡೀಫಾಲ್ಟ್ ಇತ್ತು. 3 ಸ್ಲಾಟ್ ಸಾಲಲಿಲ್ಲ, ಹಂಗಾಗಿ ಡೇಟಾ ಅದರ ಮುಂದಿನ ಅಪ್ ಸ್ಲಾಟಿಗೆ, 7.0ಕ್ಕ, ಹೋತು. ಒಂದು ಸ್ಲಾಟ್ ಕಡಿಮಿ ಬಿದ್ದಿದ್ದಕ್ಕ ಐದು ಸ್ಲಾಟ್ ದಂಡ.

ಮೊಬೈಲಿಗೆ ಖರೇನೇ 4 ಸ್ಲಾಟ್ ಬೇಕೇನು? ಇಲ್ರಿ. 30 ಕಿಲೋಹರ್ಟ್ಜ್‌ನಾಗ ಸಾಮಾನ್ಯ ಮೋಡೆಮ್ಮಿಗೆ ಗ್ರ್ಯಾಂಟ್ ಓದಿ ಡೇಟಾ ತಯಾರು ಮಾಡಾಕ ಸ್ಟ್ಯಾಂಡರ್ಡ್ ಕೊಡೋದು 12 ಸಿಂಬಲ್, ಸುಮಾರು 0.43 ಮಿಲಿಸೆಕೆಂಡ್, ಒಂದು ಸ್ಲಾಟಿಗಿಂತ ಕಡಿಮಿ. ಕನಿಷ್ಠ ಕೆ2 ಅನ್ನ 2ಕ್ಕ ಇಳಿಸ್ದೆ, ಅದೇ ಕೇಸ್ 7.5ರಿಂದ 5.0ಕ್ಕ ಬಂತು. ಕೊನೀಗೆ ಉಳಿದ ಸೆಟ್ಟಿಂಗ್ ಇದು:

```yaml
cell_cfg:
  band: 78
  dl_arfcn: 632628
  channel_bandwidth_MHz: 20
  common_scs: 30
  pusch:
    min_k2: 2
  pucch:
    sr_period_ms: 2.5
  tdd_ul_dl_cfg:
    dl_ul_tx_period: 5
    nof_dl_slots: 3
    nof_dl_symbols: 10
    nof_ul_slots: 1
```

ಈಗ ನೋಡ್ರಿ, ಸಣ್ಣ ಸ್ಲಾಟಿನ ಬೆಲೆ ತಿಳಿಯೋದು ಇಲ್ಲೇ. ಪ್ಯಾಟರ್ನ್ ಎಣಿಸೋದು ಸ್ಲಾಟ್‌ನಾಗ, ಕೆ2 ಎಣಿಸೋದು ಸ್ಲಾಟ್‌ನಾಗ, ಡೌನ್‌ಲಿಂಕ್ ಡೇಟಾ ಮುಟ್ಟಿತು ಅಂತ ವಾಪಸ್ ಹೇಳೋದೂ ಸ್ಲಾಟ್‌ನಾಗ. ಇದೇ 5 ಸ್ಲಾಟ್ ಪ್ಯಾಟರ್ನ್ 15 ಕಿಲೋಹರ್ಟ್ಜ್‌ನಾಗ ಹಾಕಿದ್ರ ಮ್ಯಾಲಿನ 5.0 ಮಿಲಿಸೆಕೆಂಡ್ 10 ಆಗತೈತಿ. ಪ್ಯಾಕೆಟ್ ಗಾಳಿಯೊಳಗ ಇರೋ ಹೊತ್ತು ಅರ್ಧ ಮಿಲಿಸೆಕೆಂಡ್ ಅಷ್ಟ, ಉಳಿದ 4.5 ಬರೇ ಪಾಳಿ ಕಾಯೋದು, ಮತ್ತ ಸ್ಲಾಟ್ ಸಣ್ಣದಾದ್ರ ಆ ಪಾಳಿಗಳೆಲ್ಲಾ ಒಟ್ಟಿಗೇ ಸಣ್ಣ ಆಗ್ತಾವ.

ಹಂಗಂದ್ರ 60ಕ್ಕ ಯಾಕ ಹೋಗಲಿಲ್ಲ? ನಮ್ಮ ಮಾಡ್ಯೂಲ್ ಎನ್78ರಾಗ 60 ಒಪ್ಪಲಿಲ್ಲ, ಈ ಬ್ಯಾಂಡ್‌ಗಳೊಳಗ ಮೊಬೈಲಿಗೆ ಅದು ಐಚ್ಛಿಕ. ಸಿಕ್ಕಿದ್ರೂ ಲಾಭ ಪೂರಾ ಅರ್ಧ ಆಗಾಂಗಿಲ್ಲ, ಯಾಕಂದ್ರ ಮೋಡೆಮ್ಮಿನ ತಯಾರಿ ಹೊತ್ತು 60ಕ್ಕ 23 ಸಿಂಬಲ್, ಲೆಕ್ಕ ಹಾಕಿದ್ರ 0.41 ಮಿಲಿಸೆಕೆಂಡ್, 30ರಾಗ ಇದ್ದಷ್ಟ ಆತು. ಸಿಂಬಲ್ ಸಣ್ಣದಾತು ಅಂತ ಚಿಪ್ಪಿನ ಕೈ ಜೋರಾಗೂದಿಲ್ಲ. ಇನ್ನೊಂದು, ಸೈಕ್ಲಿಕ್ ಪ್ರಿಫಿಕ್ಸೂ ಅರ್ಧ ಆಗತೈತಿ: 15ಕ್ಕ 4.69 ಮೈಕ್ರೋಸೆಕೆಂಡ್, 30ಕ್ಕ 2.34, 60ಕ್ಕ 1.17. ಗ್ವಾಡಿಗೆ ಬಡದು ಸುತ್ತಿ ಬರೋ ಸಿಗ್ನಲ್ ಸೀದಾ ಬಂದಿದ್ದಕ್ಕಿಂತ ಇಷ್ಟರೊಳಗ ಬರಬೇಕು, 1.17 ಅಂದ್ರ ಸುಮಾರು 350 ಮೀಟರ್ ಹೆಚ್ಚಿನ ದಾರಿ. ಫೌಂಡ್ರಿ ಶೆಡ್ಡಿಗೆ ಇದು ಬೇಕಾದಷ್ಟು, ಆದ್ರ ಊರ ಹೊರಗ ಗುಡ್ಡದ ಮ್ಯಾಲಿನ ಟವರಿಗೆ ಸಾಲಾಂಗಿಲ್ಲ, ಅದಕ್ಕ ಒಂದೇ ಅಂತರ ಫಿಕ್ಸ್ ಮಾಡದ ಆರಿಸಾಕ ಬಿಟ್ಟಾರ.

ಅಳತಿ ಮಾಡೋವಾಗ ನಾ ಬಿದ್ದ ಒಂದು ಹಳ್ಳ ಹೇಳಲೇಬೇಕು. ಟ್ರಾಲಿ 10 ಮಿಲಿಸೆಕೆಂಡಿಗೊಮ್ಮೆ ಕಳಿಸತೈತಿ ಅಂತ ಪಿಂಗೂ 10ಕ್ಕ ಒಂದು ಹಾಕಿದ್ದೆ. ರೇಡಿಯೋ ಫ್ರೇಮೂ 10 ಮಿಲಿಸೆಕೆಂಡೇ, ಹಂಗಾಗಿ ಪ್ರತಿ ಪ್ಯಾಕೆಟ್ ಪ್ಯಾಟರ್ನಿನ ಅದೇ ಜಾಗಾದಾಗ ಬಂದು ಬೀಳ್ತಿತ್ತು, ಒಂದ್ ಸಲ ಎಲ್ಲಾ ಚಲೋ, ಕಂಪ್ಯೂಟರ್ ಗಡಿಯಾರ ನಿಧಾನ ಸರದಂಗ ಒಂದ್ ಸಲ ಎಲ್ಲಾ ಕೆಟ್ಟು. ನನಗ ಸೆಟ್ಟಿಂಗ್ ಕೆಲಸ ಮಾಡಾಕತ್ತದ ಅನಸ್ತಿತ್ತು, ಮಾಡ್ತಿರಲಿಲ್ಲ. 13 ಮಾಡಿದ ಮ್ಯಾಲ ಪ್ಯಾಟರ್ನಿನ ಎಲ್ಲಾ ಸ್ಲಾಟ್‌ಗೂ ಪ್ಯಾಕೆಟ್ ಬೀಳಾಕ ಹತ್ತಿದ್ವು:

```
sudo ping -I wwan0 -i 0.013 -c 5000 10.45.0.1
```

ಇನ್ನೊಂದು, ಸ್ಲಾಟ್ ಅರ್ಧ ಆದ್ರ ಬೇಸ್ ಸ್ಟೇಷನ್ ನಡಸೋ ಕಂಪ್ಯೂಟರಿಗೂ ಹೊತ್ತು ಅರ್ಧಾನೇ. 30ಕ್ಕ ಬಂದಾಗ ಸ್ಕ್ರೀನ್ ಮ್ಯಾಲ `Real-time failure in RF: underflow` ಅಂತ ಬರಾಕ ಹತ್ತಿತು, ಪ್ರತಿ ಸಲ ಆ ಸಾಲು ಬಂದಾಗ ಪಿಂಗ್ 20 ದಾಟಿ ಹಾರ್ತಿತ್ತು. ಸಿಪಿಯು ಗವರ್ನರ್ ಪರ್ಫಾರ್ಮೆನ್ಸ್‌ಗೆ ಹಾಕಿ, ಬೋರ್ಡನ್ನ ಹಬ್ ಬಿಟ್ಟು ಸೀದಾ ಯುಎಸ್‌ಬಿ 3 ಪೋರ್ಟಿಗೆ ಹಚ್ಚಿದ ಮ್ಯಾಲ ನಿಂತಿತು. ಈ ಸಾಲು ಬರ್ತಿದ್ರ ರೇಡಿಯೋ ಸೆಟ್ಟಿಂಗ್ ಮುಟ್ಟಬ್ಯಾಡ್ರಿ, ಮೊದ್ಲು ಇದನ್ನ ನಿಲ್ಲಸ್ರಿ.

ಎಲ್ಲಾ ಆದಮ್ಯಾಲ ಸರಾಸರಿ 9, ಕೆಟ್ಟದ್ದು 14 ಮಿಲಿಸೆಕೆಂಡ್, ಹೋಗಿ ಬರೋದು ಎರಡೂ ಸೇರಿ. 30 ಮಿಲಿಸೆಕೆಂಡಿಗೆ ಟ್ರಾಲಿ ನಿಲ್ಲಸೋ ಪಿಎಲ್‌ಸಿಯ ವಾಚ್‌ಡಾಗಿಗೆ ಇದು ಸಾಕು. ಆದ್ರ 5ಜಿಗೆ ಇಟ್ಟಿರೋ 1 ಮಿಲಿಸೆಕೆಂಡ್ ಗುರಿ, ಅದೂ ಒಂದೇ ದಿಕ್ಕಿಗೆ, 32 ಬೈಟ್ ಪ್ಯಾಕೆಟ್ ಲಕ್ಷಕ್ಕ 99,999 ಸಲ ಮುಟ್ಟಬೇಕು ಅನ್ನೋದು, ಈ ದಾರಿಯೊಳಗ ಸಿಗಾಂಗಿಲ್ಲ. ಅದಕ್ಕ ರಿಕ್ವೆಸ್ಟ್ ಕೇಳೋದನ್ನೇ ಬಿಡಬೇಕು, ಮೊಬೈಲಿಗೆ ಮೊದಲೇ ಜಾಗಾ ಬರದು ಕೊಡಬೇಕು, ಅದಕ್ಕ ಕಾನ್ಫಿಗರ್ಡ್ ಗ್ರ್ಯಾಂಟ್ ಅಂತಾರ. ಮತ್ತ ಪೂರಾ 14 ಸಿಂಬಲ್ ಕಾಯದ 2 ಸಿಂಬಲ್‌ನಾಗ ಕಳಿಸೋ ಮಿನಿ ಸ್ಲಾಟ್ ಬೇಕು, 30 ಕಿಲೋಹರ್ಟ್ಜ್‌ನಾಗ ಅದು ಸುಮಾರು 71 ಮೈಕ್ರೋಸೆಕೆಂಡ್. ಇವೆರಡೂ ನಮ್ಮ ಬೆಂಚಿನಾಗ ಓಡಿಸಾಕ ಆಗಲಿಲ್ಲ.

ಮಾಲಕ್ರು "ಮೊಬೈಲ್ ಕಂಪನಿ 5ಜಿ ಸಿಮ್ಮೇ ಹಾಕಿದ್ರ ಆಗೂದಿಲ್ಲೇನ್ರಿ?" ಅಂತ ಕೇಳಿದ್ರು. ಅಲ್ಲಿ ಪ್ಯಾಟರ್ನ್ ನಮ್ಮ ಕೈಯಾಗ ಇರಾಂಗಿಲ್ಲ, ಒಂದು ಟವರ್ ಪ್ಯಾಟರ್ನ್ ಬದಲಿ ಮಾಡಿದ್ರ ಬಾಜೂ ಟವರಿನ ಡೌನ್‌ಲಿಂಕ್ ಬಂದು ಇದರ ಅಪ್‌ಲಿಂಕ್ ಮ್ಯಾಲ ಬೀಳತೈತಿ, ಹಂಗಾಗಿ ಎಲ್ಲಾರೂ ಒಂದೇ ತಾಳಕ್ಕ ಕುಣೀಬೇಕು. ಪ್ರತಿ 2.5 ಮಿಲಿಸೆಕೆಂಡಿಗೆ ರಿಕ್ವೆಸ್ಟ್ ಜಾಗಾ ಕೊಡೋದೂ ನಮ್ಮಂಗ ಒಂದೆರಡು ಟ್ರಾಲಿ ಇದ್ರ ಆಗತೈತಿ, ಸಾವಿರ ಮೊಬೈಲ್ ಇರೋ ಸೆಲ್‌ನಾಗ ಅಪ್‌ಲಿಂಕ್ ಎಲ್ಲಾ ಅದಕ್ಕ ಹೋಗಿಬಿಡತೈತಿ. ಅವರು ಕೇಳಿಸ್ಕೊಂಡು, "ಹಂಗಾದ್ರ ತುರ್ತು ನಿಲ್ಲಸೋ ಸ್ವಿಚ್ ವೈರ್ ಮ್ಯಾಲೇ ಇರಲಿ ಬಿಡ್ರಿ" ಅಂದ್ರು. ಅದನ್ನ ಟ್ರಾಲಿ ಮೈಮ್ಯಾಲೇ, ಮೋಟಾರ್ ಕಾಂಟ್ಯಾಕ್ಟರಿಗೆ ಸೀದಾ ಹಚ್ಚೀನಿ, ರೇಡಿಯೋ ಇರಲಿ ಬಿಡಲಿ ಅದು ಕೆಲಸ ಮಾಡತೈತಿ.